ಒಂದು ಫೋನು, ಎರಡು ನಂಬರು

ತುಮಕೂರು ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ ನಂಬರು ಮಾಲೀಕರ ಫೋನಿನ ಮೊದಲ ಸಿಮ್‌ನದು. ಎರಡನೇ ಸಿಮ್‌ನಲ್ಲಿರುವುದು ಮನೆಯ ನಂಬರು. ಬ್ಯಾಂಕು, ಮಗಳ ಶಾಲೆ, ನೆಂಟರಿಷ್ಟರು ಎಲ್ಲರ ಬಳಿ ಇರುವುದು ಅದೇ. ಒಂದು ಮಧ್ಯಾಹ್ನ ಅವರು ರೈತರೊಬ್ಬರ ಮಿಸ್ಡ್ ಕಾಲ್‌ಗೆ ಅವಸರದಲ್ಲಿ ವಾಪಸ್ ಫೋನ್ ಮಾಡಿದರು. ಹೋದದ್ದು ಮನೆ ನಂಬರಿನಿಂದ. ರೈತರು ಅದನ್ನೇ ಸೇವ್ ಮಾಡಿಕೊಂಡರು, ಪಕ್ಕದ ತೋಟದವರಿಗೂ ಕೊಟ್ಟರು. ಅಂದಿನಿಂದ ರಾತ್ರಿ ಹತ್ತು ಗಂಟೆಗೂ ಮನೆ ನಂಬರಿಗೆ ಕರೆ: “ಅಣ್ಣಾ, ನಮ್ಮ ಮೋಟಾರ್ ಆಯ್ತಾ?”

ಯಾವ ಸಿಮ್‌ನಿಂದ ಕರೆ ಮಾಡುತ್ತೇವೋ ಆ ನಂಬರನ್ನೇ ಎದುರಿನವರಿಗೆ ಕೊಟ್ಟಂತೆ. ಹಾಗಾಗಿ ಎರಡು ಸಿಮ್ ಇಟ್ಟುಕೊಂಡವರು ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ಹೊರಹೋಗುವ ಕರೆಯನ್ನು. ಹೆಚ್ಚಿನವರು ಕರೆಗೆ ಒಂದು ಸಿಮ್ಮನ್ನು ಖಾಯಂ ಮಾಡಿಟ್ಟಿರುತ್ತಾರೆ. ಅಂಗಡಿ ಮತ್ತು ಮನೆ ಬೇರೆಯಾಗಿರಬೇಕು ಎನ್ನುವವರಿಗೆ ಅದು ಸಾಲದು.

ಗೂಗಲ್‌ನ ಫೋನ್ ಆ್ಯಪ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಆ ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋದರೆ Calling accounts ಎಂಬ ಸಾಲು ಸಿಗುತ್ತದೆ. ಸ್ಯಾಮ್ಸಂಗ್‌ನಲ್ಲಿ ಇದಕ್ಕೆ ಸೆಟ್ಟಿಂಗ್ಸ್‌ನ Connections ಒಳಗಿರುವ SIM manager ನೋಡಬೇಕು. ಅಲ್ಲಿ ಕರೆಗೆ ಯಾವ ಸಿಮ್ ಎಂಬ ಪ್ರಶ್ನೆಗೆ ಪ್ರತಿ ಸಲವೂ ಕೇಳು ಎಂಬರ್ಥದ ಆಯ್ಕೆಯನ್ನು ಒತ್ತಬೇಕು. ಆಮೇಲೆ ಫೋನು ಪ್ರತಿ ಕರೆಗೂ ಮುನ್ನ ಎರಡು ಸಿಮ್‌ಗಳ ಹೆಸರು ತೋರಿಸಿ ಕಾಯುತ್ತದೆ. ಸೇವ್ ಆಗಿರುವ ಹೆಸರಾಗಿದ್ದರೆ, ಅನೇಕ ಫೋನುಗಳಲ್ಲಿ ಆ ಪಟ್ಟಿಯ ಕೆಳಗೆ ಒಂದು ಚಿಕ್ಕ ಚೌಕವೂ ಕಾಣುತ್ತದೆ: ಇವರಿಗೆ ಯಾವಾಗಲೂ ಇದೇ ಸಿಮ್. ಅದಕ್ಕೆ ಟಿಕ್ ಹಾಕಿ ಸಿಮ್ ಆರಿಸಿದರೆ ಆ ಹೆಸರಿಗೆ ಮತ್ತೆ ಕೇಳುವುದಿಲ್ಲ. ಕೂತು ಇನ್ನೂರು ಹೆಸರುಗಳಿಗೆ ಸಿಮ್ ಹಂಚಬೇಕಿಲ್ಲ. ಕರೆ ಮಾಡುವಾಗಲೆಲ್ಲ ಒಬ್ಬೊಬ್ಬರಿಗೆ ಟಿಕ್ ಹಾಕುತ್ತ ಹೋದರೆ, ದಿನಾ ಮಾತಾಡುವವರೆಲ್ಲ ಕೆಲವೇ ವಾರದಲ್ಲಿ ತಂತಮ್ಮ ಜಾಗಕ್ಕೆ ಸೇರಿರುತ್ತಾರೆ.

ಐಫೋನಿನ ಪದ್ಧತಿ ಸ್ವಲ್ಪ ಬೇರೆ. ಆ ವ್ಯಕ್ತಿಗೆ ಹಿಂದಿನ ಸಲ ಯಾವ ನಂಬರಿನಿಂದ ಕರೆ ಮಾಡಿದ್ದರೋ ಈ ಸಲವೂ ಅದನ್ನೇ ಅದು ಬಳಸುತ್ತದೆ. ಒಮ್ಮೆ ತಪ್ಪಿದರೆ ಆ ತಪ್ಪೇ ಮುಂದುವರಿಯುತ್ತದೆ ಎಂಬುದನ್ನು ನೆನಪಿಡಬೇಕು. ತಡೆಯಲು ಆ ಹೆಸರಿನ ಪುಟ ತೆರೆದು, Last Used ಎಂದಿರುವ ಕಡೆ ಒತ್ತಿ, ಬೇಕಾದ ನಂಬರನ್ನು ಖಾಯಂ ಮಾಡಬಹುದು.

ಇದೆಲ್ಲ ಮಾಡಿದ ಮೇಲೂ ಕೆಲವರಿಗೆ ಆ ಚೌಕವೇ ಕಾಣುವುದಿಲ್ಲ. ಫೋನು ಕೆಟ್ಟಿದೆ ಎಂದು ತಿಳಿಯುವ ಮುನ್ನ ಆ ಹೆಸರು ಎಲ್ಲಿ ಸೇವ್ ಆಗಿದೆ ಎಂದು ನೋಡುವುದು ಒಳ್ಳೆಯದು. ಹಳೇ ಕೀಪ್ಯಾಡ್ ಫೋನಿನ ಕಾಲದಿಂದ ಬಂದ ಎಷ್ಟೋ ನಂಬರುಗಳು ಇನ್ನೂ ಸಿಮ್ ಕಾರ್ಡಿನೊಳಗೇ ಕೂತಿರುತ್ತವೆ. ಸಿಮ್‌ನಲ್ಲಿ ಹೆಸರು ಮತ್ತು ನಂಬರು ಬಿಟ್ಟು ಹೆಚ್ಚೇನೂ ಹಿಡಿಸುವುದಿಲ್ಲ. ಇವರಿಗೆ ಇಂಥ ಸಿಮ್, ಇಂಥ ರಿಂಗ್‌ಟೋನ್ ಎಂದು ಬರೆದಿಡಲು ಅಲ್ಲಿ ಜಾಗವಿಲ್ಲ. ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಸಿಮ್‌ನಿಂದ ಇಂಪೋರ್ಟ್ ಮಾಡುವ ಆಯ್ಕೆ ಇರುತ್ತದೆ. ಅವುಗಳನ್ನು ಫೋನಿಗೋ ಗೂಗಲ್ ಖಾತೆಗೋ ತಂದುಕೊಂಡರೆ ಸಮಸ್ಯೆ ಕಳೆಯುತ್ತದೆ.

ಇನ್ನು ಒಳಬರುವ ಕರೆ. ವೈಂಡಿಂಗ್ ಮಾಡುವಾಗ ಕೈಗೆ ವಾರ್ನಿಷ್ ಮೆತ್ತಿರುತ್ತದೆ, ಫೋನು ಮೇಜಿನ ಆಚೆ ತುದಿಯಲ್ಲಿರುತ್ತದೆ. ಯಾವ ನಂಬರಿಗೆ ಬಂದ ಕರೆ ಎಂದು ತೆರೆ ನೋಡದೆ ಗೊತ್ತಾಗಬೇಕಾದರೆ ಎರಡು ಸಿಮ್‌ಗೆ ಎರಡು ರಿಂಗ್‌ಟೋನ್ ಇರಬೇಕು. ಸ್ಯಾಮ್ಸಂಗ್‌ನಲ್ಲಿ Sounds and vibration ಒಳಗಿನ Ringtone ಒತ್ತಿದರೆ SIM 1, SIM 2 ಬೇರೆಬೇರೆಯಾಗಿ ಕಾಣುತ್ತವೆ. ಐಫೋನಿಗೆ ಈ ಸೌಲಭ್ಯ ಬಂದದ್ದು 2023ರ ಐಓಎಸ್ 17ರಲ್ಲಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಎರಡಕ್ಕೂ ಸೇರಿ ಒಂದೇ ರಿಂಗ್‌ಟೋನ್. ಅಂಥವರು ಮನೆಯವರ ಹೆಸರುಗಳಿಗೆ ಒಂದೊಂದಾಗಿ ಬೇರೆ ದನಿ ಕೊಟ್ಟುಕೊಳ್ಳಬಹುದು. ಹೆಸರಿನ ಪುಟದ ಮೂರು ಚುಕ್ಕಿಗಳ ಮೆನುವಿನಲ್ಲಿ ಅದು ಸಿಗುತ್ತದೆ.

ಎರಡೂ ಹೊಂದಿಸಿದ್ದರೆ ಗೆಲ್ಲುವುದು ಹೆಸರಿಗೆ ಕೊಟ್ಟ ದನಿ. ಹೆಂಡತಿಯ ಹೆಸರಿಗೆ ವೀಣೆಯ ದನಿ ಇಟ್ಟಿದ್ದರೆ, ಅವರು ಅಂಗಡಿ ನಂಬರಿಗೆ ಮಾಡಿದರೂ ಕೇಳುವುದು ವೀಣೆಯೇ. ಆದ್ದರಿಂದ ಹೆಸರಿನ ದನಿಯನ್ನು ನಾಲ್ಕೈದು ಜನರಿಗಷ್ಟೇ ಇಡುವುದು ಲೇಸು. ದನಿ ಆರಿಸುವಾಗಲೂ ಎರಡು ಸಿನಿಮಾ ಹಾಡು ಹಾಕಿಕೊಂಡರೆ ಗದ್ದಲದಲ್ಲಿ ಯಾವುದು ಯಾವುದೆಂದು ತಿಳಿಯದು. ಒಂದಕ್ಕೆ ಹಳೇ ಲ್ಯಾಂಡ್‌ಲೈನಿನ ಟ್ರಿಣ್ ಟ್ರಿಣ್, ಇನ್ನೊಂದಕ್ಕೆ ಹಾಡು ಎಂದರೆ ಮೊದಲ ಕ್ಷಣದಲ್ಲೇ ಗುರುತು ಹತ್ತುತ್ತದೆ.

ಇಷ್ಟಾದ ಮೇಲೂ ಉಳಿಯುವ ಒಂದು ದೂರು ಅಂಗಡಿಯವರಿಗೆ ನಿಜವಾಗಿಯೂ ನಷ್ಟ ತರುವಂಥದ್ದು: “ನಿಮ್ಮ ನಂಬರ್ ಸ್ವಿಚ್ ಆಫ್ ಅಂತ ಬರುತ್ತಲ್ಲಾ ಸಾರ್.” ಫೋನು ಆಫ್ ಆಗಿರಲಿಲ್ಲ, ಆಗ ಅವರು ಮನೆ ನಂಬರಿನಲ್ಲಿ ಮಾತಾಡುತ್ತಿದ್ದರು. ಹೆಚ್ಚಿನ ಫೋನುಗಳಲ್ಲಿ ಸಿಮ್ ಎರಡಿದ್ದರೂ ಸಂಕೇತ ಕಳಿಸಿ ಪಡೆಯುವ ರೇಡಿಯೊ ಭಾಗ ಒಂದೇ. ಸುಮ್ಮನಿರುವಾಗ ಅದು ಎರಡೂ ನೆಟ್‌ವರ್ಕ್‌ಗಳಿಗೆ ಸರದಿಯಂತೆ ಕಿವಿಗೊಡುತ್ತದೆ. ಒಂದರಲ್ಲಿ ಮಾತು ಶುರುವಾಯಿತೆಂದರೆ ಪೂರ್ತಿ ಅದಕ್ಕೇ ಮೀಸಲು. ಇನ್ನೊಂದು ಸಿಮ್ಮನ್ನು ಕಂಪನಿ ಕರೆದರೂ ಉತ್ತರವಿಲ್ಲ, ಆದ್ದರಿಂದ ಕರೆದವರಿಗೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಧ್ವನಿ. ಕಾಲ್ ವೇಟಿಂಗ್ ಆನ್ ಇದ್ದರೂ ಇಲ್ಲಿ ಪ್ರಯೋಜನವಿಲ್ಲ, ಅದು ಕೆಲಸ ಮಾಡುವುದು ಒಂದೇ ಸಿಮ್‌ಗೆ ಬರುವ ಎರಡು ಕರೆಗಳ ನಡುವೆ.

ಇದಕ್ಕೊಂದು ದಾರಿ ಇದೆ. ಮೊದಲ ಸಿಮ್‌ನ ಕಾಲ್ ಫಾರ್ವರ್ಡಿಂಗ್ ತೆರೆದು, ನಾಲ್ಕು ಬಗೆಯಲ್ಲಿ ಸಂಪರ್ಕಕ್ಕೆ ಸಿಗದಿದ್ದಾಗ ಎಂಬುದನ್ನಷ್ಟೇ ಆರಿಸಿ, ಅಲ್ಲಿ ಎರಡನೇ ಸಿಮ್‌ನ ನಂಬರು ಬರೆಯಬೇಕು. ಎರಡನೇ ಸಿಮ್‌ನಲ್ಲಿ ಕಾಲ್ ವೇಟಿಂಗ್ ಆನ್ ಇರಬೇಕು. ಈಗ ಮನೆ ನಂಬರಿನಲ್ಲಿ ಮಾತಾಡುವಾಗ ಗಿರಾಕಿ ಅಂಗಡಿಗೆ ಕರೆ ಮಾಡಿದರೆ, ಕಂಪನಿ ಕೆಲವು ಕ್ಷಣ ಕಾದು, ಸಿಗದಿದ್ದಾಗ ಆ ಕರೆಯನ್ನು ಮನೆ ನಂಬರಿಗೆ ತಿರುಗಿಸುತ್ತದೆ. ಕಿವಿಯಲ್ಲಿ ಬೀಪ್ ಕೇಳಿಸುತ್ತದೆ. ಬೇಕಾದರೆ ಎರಡನೇ ಸಿಮ್‌ನಿಂದ ಮೊದಲನೆಯದಕ್ಕೂ ಹೀಗೇ ತಿರುಗಿಸಿಡಬಹುದು. ತಿರುಗಿದ ಕರೆಯ ಲೆಕ್ಕ ಮೊದಲ ಸಿಮ್‌ನ ಹೊರಹೋಗುವ ಕರೆಗೆ ಸೇರುವುದರಿಂದ ಆ ಸಿಮ್‌ನ ರೀಚಾರ್ಜ್ ಮುಗಿದಿದ್ದರೆ ಇದು ನಡೆಯದು.

ಫಾರ್ವರ್ಡ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಂಪನಿಯಿಂದ ಕರೆ ಮಾಡುತ್ತಿದ್ದೇವೆ ಎಂದು ಹೇಳಿ `*401#` ಜೊತೆಗೆ ಯಾವುದೋ ನಂಬರು ಒತ್ತಿಸಿ, ಎಲ್ಲ ಕರೆಗಳನ್ನೂ ತಮ್ಮ ಕಡೆ ತಿರುಗಿಸಿಕೊಳ್ಳುವ ಮೋಸ ನಡೆದೇ ಇತ್ತು. ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಬಗೆಯ ಸೇವೆಯನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತು. ಆದ್ದರಿಂದ ಫಾರ್ವರ್ಡ್‌ಗೆ ಬೇರೆಯವರು ಹೇಳಿದ ಕೋಡ್ ಒತ್ತದೆ, ಫೋನಿನ ಸೆಟ್ಟಿಂಗ್ಸ್‌ನಲ್ಲೇ ತಾವೇ ಹೊಂದಿಸಿಕೊಳ್ಳಬೇಕು.

ವೈಂಡಿಂಗ್ ಅಂಗಡಿಯವರು ಎಲ್ಲ ಹೊಂದಿಸಿದ ಮೇಲೆ ಪರೀಕ್ಷಿಸಿಯೂ ನೋಡಿದರು. ಮೊದಲು ಹೆಂಡತಿಗೆ ಮನೆ ನಂಬರಿನಿಂದ ಕರೆ ಮಾಡಿ ಮಾತಾಡುತ್ತ ನಿಂತರು. ಅಷ್ಟರಲ್ಲಿ ಕೆಲಸದ ಹುಡುಗ ತನ್ನ ಫೋನಿನಿಂದ ಬೋರ್ಡಿನ ನಂಬರು ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಬೀಪ್, ತೆರೆಯ ಮೇಲೆ ಹುಡುಗನ ಹೆಸರು. ಹೆಂಡತಿಗೆ “ಒಂದ್ನಿಮಿಷ ಇರು” ಎಂದು ಹೇಳಿ ಅವರು ಆ ಕರೆ ತೆಗೆದುಕೊಂಡರು.