ಕಾಯಿ ಎಂದಮೇಲೆ ಹಣ್ಣಾಗಬೇಕು

ಚೌಕಾಬಾರದಲ್ಲಿ ಕವಡೆ ಹಾಕಿ ನಡೆಸುವ ಹರಳಿಗೋ ಬಳೆಚೂರಿಗೋ ‘ಕಾಯಿ’ ಎನ್ನುತ್ತೇವೆ. ಅದು ಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದರೆ ‘ಹಣ್ಣಾಯ್ತು’. ಈ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಹೊಸದಾಗಿ ಕೂತ ಮಗುವಿಗೆ ಅರ್ಧ ಆಟ ತಿಳಿದಂತೆ. ಕಾಯಿ ಹಣ್ಣಾಗುವುದೇ ಗುರಿ, ಅದಕ್ಕೆ ಹೊತ್ತು ಹಿಡಿಯುತ್ತದೆ, ಒಮ್ಮೆ ಹಣ್ಣಾದದ್ದು ಮತ್ತೆ ಕಾಯಾಗದು. ಅಡ್ಡಗೀಟು ಹಾಕಿದ ಮನೆಗೆ ‘ಕಟ್ಟೆ’ ಎಂದು ಹೆಸರು. ಅಲ್ಲಿರುವ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಅರಳಿಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುವವರನ್ನು ಕಂಡ ಮಕ್ಕಳಿಗೆ ಈ ನಿಯಮವನ್ನು ಬೇರೆಯಾಗಿ ಹೇಳಬೇಕಿಲ್ಲ.

ಮನೆಮಂದಿಗಾಗಿ ಹೊಸ ಆಟ ಕಟ್ಟುವವರು ಮೊದಲು ಕಲಿಯಬೇಕಾದದ್ದು ಇದನ್ನೇ. ಒಳ್ಳೆಯ ಹೆಸರಿನೊಳಗೆ ಒಂದು ಕ್ರಿಯೆ ಅಡಗಿರುತ್ತದೆ. ಕಾಯಿ ಮಾಗುತ್ತದೆ, ಕಟ್ಟೆ ಕೂರಿಸುತ್ತದೆ. ಆಡು ಹುಲಿ ಆಟದ ಹೆಸರಂತೂ ಎರಡು ಪಕ್ಷಗಳನ್ನೂ ಅವುಗಳ ನಡುವಿನ ಹಗೆಯನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಮೂರು ಹುಲಿ, ಹದಿನೈದು ಆಡು. ಯಾರು ಯಾರನ್ನು ತಿನ್ನಬೇಕೆಂದು ಯಾವ ಮಗುವೂ ಕೇಳುವುದಿಲ್ಲ. ಒಂಟಿ ಆಡಿಗೆ ಹುಲಿಯನ್ನು ತಡೆಯುವ ಶಕ್ತಿಯಿಲ್ಲ, ಹಿಂಡು ಸೇರಿ ಸುತ್ತುಗಟ್ಟಬೇಕು ಎನ್ನುವುದೂ ಬೇಗ ಹೊಳೆಯುತ್ತದೆ.

ಆದರೆ ಹೆಸರಿಗೂ ಒಂದು ಮಿತಿಯಿದೆ. ಈ ಆಟವನ್ನು ಮೊದಲ ಸಲ ಆಡುವ ಮಕ್ಕಳು ಹುಲಿಯನ್ನು ಎತ್ತಿ ನೇರ ಆಡಿನ ಮೇಲೆಯೇ ಇಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಿಯಮದ ಪ್ರಕಾರ ಹುಲಿ ಆಡಿನ ಮೇಲಿಂದ ಹಾರಿ ಆಚೆಯ ಖಾಲಿ ಜಾಗಕ್ಕೆ ಇಳಿಯಬೇಕು. ‘ಹುಲಿ’ ಎಂಬ ಪದ ತಿನ್ನುವುದನ್ನು ಹೇಳಿತು, ಹೇಗೆ ತಿನ್ನಬೇಕೆಂದು ಹೇಳಲಿಲ್ಲ. ಹದಿನೈದು ಆಡುಗಳನ್ನೂ ಮಣೆಯ ಮೇಲೆ ಇಟ್ಟು ಮುಗಿಯುವವರೆಗೆ ಯಾವ ಆಡನ್ನೂ ನಡೆಸುವಂತಿಲ್ಲ ಎಂಬ ನಿಯಮವೂ ಹೆಸರಿನಲ್ಲಿಲ್ಲ. ಎಣಿಕೆ ಮತ್ತು ಸರದಿ ಹೆಸರಿಗೆ ದಕ್ಕುವ ಸಂಗತಿಗಳಲ್ಲ. ಅವನ್ನು ಬಾಯಲ್ಲಿ ಹೇಳಿಕೊಡಬೇಕು, ಇಲ್ಲವೇ ಮಣೆಯ ಮೇಲೇ ಬರೆದಿಡಬೇಕು.

ಇದನ್ನೆಲ್ಲ ನಾನು ಸರಿಯಾಗಿ ಅರಿತದ್ದು ನಮ್ಮ ಮನೆಯ ಮಕ್ಕಳಿಗಾಗಿ ಒಂದು ಆಟ ಕಟ್ಟಲು ಕೂತಾಗ. ಮಣೆಯ ಮೇಲೆ ಹನ್ನೆರಡು ಗುಳಿ ಕೊರೆದೆ. ಆಡುವವರು ಸರದಿಯಂತೆ ನಾಲ್ಕು ಕವಡೆ ಹಾಕಬೇಕು, ಎಷ್ಟು ಅಂಗಾತ ಬೀಳುತ್ತವೋ ಅಷ್ಟು ನೀಲಿ ಮಣಿಗಳನ್ನು ಗುಳಿಗಳಿಗೆ ತುಂಬಬೇಕು. ಒಂದು ಗುಳಿಗೆ ಒಂದೇ ಮಣಿ. ಒಬ್ಬರ ಕೈಯಲ್ಲಿ ಒಂದು ಬಿಲ್ಲೆಯಿರುತ್ತದೆ, ಅವರು ಪ್ರತಿ ಸರದಿಗೆ ಎರಡು ಮಣಿ ತೆಗೆದು ಎಲ್ಲರ ಹೊಲಗಳಿಗೆ ಹಂಚುತ್ತಾರೆ. ಸುತ್ತು ಮುಗಿದಾಗಲೆಲ್ಲ ಒಂದು ಕಂದು ಕಲ್ಲು ಬಂದು ಒಂದು ಗುಳಿಯನ್ನು ಮುಚ್ಚುತ್ತದೆ. ಗುಳಿ ಸಾಲದೆ ಉಳಿದ ಮಣಿಗಳು ಆಟದಿಂದ ಹೊರಗೆ. ಐದು ಹೊಲಕ್ಕೆ ಮೊದಲು ನೀರು ಮುಟ್ಟಿಸಿದವರು ಗೆದ್ದಂತೆ.

ಮೊದಲು ಇಟ್ಟ ಹೆಸರು ‘ಜಲಯುದ್ಧ’. ಗುಳಿಗಳಿಗೆ ‘ಕೋಶ’, ಕಂದು ಕಲ್ಲಿಗೆ ‘ತಡೆ’, ಬಿಲ್ಲೆ ಹಿಡಿದವರಿಗೆ ‘ನಾಯಕ’. ಕೇಳಲು ಗತ್ತಿನ ಹೆಸರುಗಳೇ. ಅಕ್ಕನ ಮಕ್ಕಳನ್ನು ಕೂರಿಸಿ, ನಿಯಮ ಹೇಳದೆ ಹೆಸರುಗಳನ್ನಷ್ಟೇ ಹೇಳಿ, “ಏನು ಮಾಡಬೇಕು ಅನ್ನಿಸುತ್ತೆ?” ಎಂದು ಕೇಳಿದೆ. ದೊಡ್ಡವನು ಎದುರಾಳಿಯ ಮಣಿ ಹೊಡೆಯಲು ದಾರಿ ಹುಡುಕತೊಡಗಿದ. ಯುದ್ಧ ಎಂದಮೇಲೆ ಇನ್ನೇನು ಮಾಡಿಯಾನು? ‘ನಾಯಕ’ನಾದ ಚಿಕ್ಕವಳು ಎರಡೂ ಮಣಿಗಳನ್ನು ತನ್ನ ಹೊಲಕ್ಕೇ ಹಾಕಿಕೊಂಡಳು. ‘ಕೋಶ’ ಎಂದರೆ ಏನೆಂದು ಇಬ್ಬರಿಗೂ ತಿಳಿಯಲಿಲ್ಲ.

ಹೆಸರು ಕೆಡುವ ಎರಡು ಬಗೆ ಅಲ್ಲೇ ಸಿಕ್ಕವು. ‘ಕೋಶ’ ಏನನ್ನೂ ಹೇಳುವುದಿಲ್ಲ. ಇದು ಸಣ್ಣ ತೊಂದರೆ, ಏಕೆಂದರೆ ತಿಳಿಯದ ಮಗು ಕೇಳುತ್ತದೆ. ‘ಯುದ್ಧ’, ‘ನಾಯಕ’ ತಪ್ಪು ಹೇಳುತ್ತವೆ. ಇದು ದೊಡ್ಡ ತೊಂದರೆ. ತನಗೆ ತಿಳಿದಿದೆ ಎಂದುಕೊಂಡ ಮಗು ಕೇಳುವುದೇ ಇಲ್ಲ. ಆಟ ಅರ್ಧ ಸಾಗಿದ ಮೇಲೆ “ಹಾಗಲ್ಲ” ಎಂದರೆ ಜಗಳವಾಗುತ್ತದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಮಣೆಯ ಕಡೆ ನೋಡಿ, “ಇದು ಕೆರೆಯಲ್ವೇನೋ?” ಎಂದರು. ಅಮ್ಮ ತುಮಕೂರು ಸೀಮೆಯ ಕೆರೆಬದಿಯ ಊರಿನವರು. ಅವರ ಬಾಯಿಂದಲೇ ಉಳಿದ ಹೆಸರುಗಳೂ ಬಂದವು. ನೀರು ಬಿಡುವ ಕಂಡಿ ತೂಬು. ಗುಳಿ ಮುಚ್ಚುವ ಕಂದು ಕಲ್ಲು ಹೂಳು. ಅದನ್ನು ತೆಗೆಯಲು ಒಂದು ಸರದಿ ಬಿಟ್ಟುಕೊಡಬೇಕೆಂಬ ನಿಯಮ ಮೊದಲೇ ಇತ್ತು, ‘ಹೂಳೆತ್ತು’ ಎಂದೊಡನೆ ಅದನ್ನು ವಿವರಿಸುವ ಕೆಲಸ ತಪ್ಪಿತು. ಬಿಲ್ಲೆ ಹಿಡಿದವರು ನೀರುಗಂಟಿ. ಬೆಂಗಳೂರಿನ ಮಕ್ಕಳಿಗೆ ಆ ಪದ ಹೊಸದು. ಆದರೆ “ಊರಿನ ಗದ್ದೆಗಳಿಗೆಲ್ಲ ಸರದಿ ಪ್ರಕಾರ ನೀರು ಬಿಡೋನು ಕಣಮ್ಮ” ಎಂದು ಅಮ್ಮ ಒಮ್ಮೆ ಹೇಳಿದ್ದೇ ಸಾಕಾಯಿತು. ಚಿಕ್ಕವಳು ಒಂದು ಮಣಿ ತನ್ನ ಹೊಲಕ್ಕೆ, ಇನ್ನೊಂದು ಅಣ್ಣನ ಹೊಲಕ್ಕೆ ಹಾಕಿದಳು.

ತುಂಬಿ ಹೊರಹೋಗುವ ಮಣಿಗಳಿಗೆ ‘ಕೋಡಿ’ ಎಂದು ಹೆಸರಿಟ್ಟಾಗ ಮಾತ್ರ ಅಮ್ಮ ಒಪ್ಪಲಿಲ್ಲ. ನನ್ನ ನಿಯಮದಲ್ಲಿ ಅದು ನಷ್ಟ. “ಕೆರೆ ಕೋಡಿ ಬಿದ್ರೆ ಯಾರಾದ್ರೂ ಅಳ್ತಾರೇನೋ? ಬಾಗಿನ ಬಿಡ್ತಾರೆ. ಆ ನೀರು ಕೆಳಗಿನ ಕೆರೆಗೆ ಹೋಗುತ್ತೆ” ಎಂದರು. ಬಯಲುಸೀಮೆಯ ಕೆರೆಗಳು ಸರಪಣಿಯಂತೆ ಒಂದರ ಕೆಳಗೊಂದು ಇರುತ್ತವೆ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು ಬರುತ್ತದೆ. ಹಾಗಾದರೆ ಬದಲಾಗಬೇಕಾದದ್ದು ಯಾವುದು, ಹೆಸರೋ ನಿಯಮವೋ?

ನಾನು ನಿಯಮವನ್ನೇ ಬದಲಿಸಿದೆ. ಇನ್ನೊಂದು ಮಣೆಗೂ ಹನ್ನೆರಡು ಗುಳಿ ಕೊರೆದು ಕೆಳಗಿಟ್ಟೆ. ಇಬ್ಬರು ಮೇಲ್ಕೆರೆಯವರು, ಇಬ್ಬರು ಕೆಳಕೆರೆಯವರು, ಕೆರೆಗೊಬ್ಬ ನೀರುಗಂಟಿ. ಮಳೆಯೆಲ್ಲ ಮೇಲ್ಕೆರೆಗೆ, ಕೋಡಿಯೆಲ್ಲ ಕೆಳಕೆರೆಗೆ. ಕೂಡಲೇ ಹೂಳಿಗೂ ಹೊಸ ಅರ್ಥ ಬಂತು. ಮೇಲ್ಕೆರೆಯಲ್ಲಿ ನಾಲ್ಕು ಹೂಳು ಕೂತರೆ ಉಳಿಯುವುದು ಎಂಟೇ ಗುಳಿ. ಹತ್ತು ಮಣಿ ಬಂದರೆ ಎರಡು ಕೆಳಗಿಳಿಯುತ್ತವೆ. ಹೂಳೆತ್ತಲು ಮೇಲಿನವರಿಗೆ ಅವಸರ, ಕೋಡಿ ಬೀಳಲೆಂದು ಕೆಳಗಿನವರಿಗೆ ಆಸೆ. ಈಗ ಆಟಕ್ಕೆ ‘ತುಂಬಿದರೆ ಕೋಡಿ’ ಎಂದೇ ಹೆಸರು. ಆಟದ ಮುಖ್ಯ ನಿಯಮವೇ ಆ ಎರಡು ಪದಗಳಲ್ಲಿದೆ.

ಉಳಿದದ್ದು ‘ತೂಬು’. ಅದನ್ನು ಕಂಡಿರದ ಮಕ್ಕಳಿಗಾಗಿ ‘ನಲ್ಲಿ’ ಎನ್ನೋಣವೇ ಎಂದು ಯೋಚಿಸಿದೆ. ಹೆಸರು ಬದಲಿಸುವುದೇನೂ ತಪ್ಪಲ್ಲ. ಹಾವು ಏಣಿ ಆಟವನ್ನು ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ 1943ರಲ್ಲಿ ಹೊರತಂದಾಗ ಹಾವಿನ ಜಾಗಕ್ಕೆ ಜಾರುಬಂಡೆ ಬಂತು. ಜಾರುಬಂಡೆಯೂ ಕೆಳಕ್ಕೇ ಒಯ್ಯುವುದರಿಂದ ನಿಯಮ ಕೆಡಲಿಲ್ಲ. ಆದರೆ ನಲ್ಲಿಯನ್ನು ಮನೆಯಲ್ಲಿ ಯಾರು ಬೇಕಾದರೂ ತಿರುಗಿಸಬಹುದು, ತೂಬನ್ನು ತೆರೆಯುವುದು ನೀರುಗಂಟಿ ಮಾತ್ರ. ನಮ್ಮ ಆಟ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಹಾಗಾಗಿ ಪದವನ್ನು ಉಳಿಸಿಕೊಂಡು, ಮಣೆಯ ಮೇಲೆ ತೂಬಿನ ಚಿತ್ರ ಬರೆದು, ಪಕ್ಕದಲ್ಲಿ ಎರಡು ನೀಲಿ ಚುಕ್ಕೆ ಇಟ್ಟೆ. ಹೆಸರು ಹೇಳಲಾರದ ಎಣಿಕೆಯನ್ನು ಚುಕ್ಕೆಗಳು ಹೇಳುತ್ತವೆ.

ಕಳೆದ ದಸರಾ ರಜೆಯಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಆಟಕ್ಕೆ ಬಂದಳು. ನಾನು ಏನನ್ನೂ ಹೇಳಿಕೊಡಲಿಲ್ಲ. ಚಿಕ್ಕವಳೇ ಮಣೆ ತೋರಿಸಿ ಹೆಸರುಗಳನ್ನು ಹೇಳಿದಳು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಹೂಳು ಎತ್ತಿದ್ರೆ ನನ್ನ ಸರದಿ ಹೋಗುತ್ತಾ?” ಹೌದು ಎಂದಳು ಚಿಕ್ಕವಳು. ಇಬ್ಬರೂ ಕವಡೆ ಹಾಕತೊಡಗಿದರು.