ಆರು ಫ್ಯಾನಿದ್ದರೂ ಬಿಸಿ ಆರದ ಪೆಟ್ಟಿಗೆ

ಆಟದ ಹೊತ್ತಿನಲ್ಲಿ 200 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್ ಆ ವಿದ್ಯುತ್ತನ್ನೆಲ್ಲ ಬಿಸಿಯಾಗಿಯೇ ಹೊರಗೆ ಬಿಡುತ್ತದೆ. ಪ್ರೊಸೆಸರ್‌ನದು ಇನ್ನೊಂದು 60–70 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿಗಳ ಪಾಲನ್ನೂ ಸೇರಿಸಿದರೆ ಮಧ್ಯಮ ದರ್ಜೆಯ ಗೇಮಿಂಗ್ ಕಂಪ್ಯೂಟರ್‌ನ ಕ್ಯಾಬಿನೆಟ್ ಒಳಗೆ ಸುಮಾರು 300 ವ್ಯಾಟ್ ಶಾಖ ಗಂಟೆಗಟ್ಟಲೆ ಹುಟ್ಟುತ್ತಲೇ ಇರುತ್ತದೆ. ಅದನ್ನು ಹೊತ್ತು ಹೊರಗೆ ಹಾಕುವುದು ಗಾಳಿಯ ಕೆಲಸ. ಒಂದು ಲೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗುವಾಗ ಸುಮಾರು 1.15 ಜೂಲ್ ಶಾಖವನ್ನು ಹೊತ್ತುಕೊಳ್ಳುತ್ತದೆ. ಲೆಕ್ಕ ಅಲ್ಲಿಂದಲೇ ಶುರು.

ಸೆಕೆಂಡಿಗೆ 25 ಲೀಟರ್ ಗಾಳಿ ಕ್ಯಾಬಿನೆಟ್ ಮೂಲಕ ಹಾದುಹೋದರೆ, ಹೊರಬೀಳುವ ಗಾಳಿ ಒಳಬಂದ ಗಾಳಿಗಿಂತ ಹತ್ತು ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. 50 ಲೀಟರ್ ಹಾಯಿಸಿದರೆ ಐದು ಡಿಗ್ರಿ. 75 ಲೀಟರ್ ಹಾಯಿಸಿದರೆ ಮೂರೂವರೆ. ಮೊದಲ ಏರಿಕೆಯಲ್ಲಿ ಐದು ಡಿಗ್ರಿ ಉಳಿಯಿತು, ಎರಡನೆಯದರಲ್ಲಿ ಎರಡೂ ಉಳಿಯಲಿಲ್ಲ. ಫ್ಯಾನ್ ಮೇಲೆ ಫ್ಯಾನ್ ಹಾಕಿಸಿದವರು ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎನ್ನುವುದಕ್ಕೆ ಕಾರಣ ಇಷ್ಟೇ. ಒಂದು ಹಂತದ ಮೇಲೆ ಎಷ್ಟು ಗಾಳಿ ಎಂಬುದಕ್ಕಿಂತ ಅದು ಯಾವ ದಾರಿ ಹಿಡಿಯುತ್ತದೆ ಎಂಬುದೇ ಮುಖ್ಯವಾಗುತ್ತದೆ.

ಫ್ಯಾನಿನ ಡಬ್ಬಿಯ ಮೇಲೆ ಅಚ್ಚು ಹಾಕಿದ ಗಾಳಿಯ ಪ್ರಮಾಣವನ್ನೂ ಹಾಗೆಯೇ ನಂಬುವಂತಿಲ್ಲ. ಅದು ಮುಂದೆ ಹಿಂದೆ ಯಾವ ಅಡ್ಡಿಯೂ ಇಲ್ಲದೆ ತಿರುಗಿಸಿ ಅಳೆದ ಅಂಕಿ. ಮುಂದೆ ದೂಳಿನ ಜಾಲರಿ, ಅದರ ಮುಂದೆ ಗಾಜಿನ ಫಲಕ ಬಂದರೆ ಅದು ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಹುಬ್ಬಳ್ಳಿಯ ಪರಿಚಯದ ಹುಡುಗನೊಬ್ಬನ ಕಂಪ್ಯೂಟರ್‌ನಲ್ಲಿ ಆಗಿದ್ದು ಇದೇ. ಕ್ಯಾಬಿನೆಟ್ಟಿನ ಮುಂದೆ ಒಳಕ್ಕೆ ಊದುವ ಮೂರು ಫ್ಯಾನ್. ಹಿಂದೆ ಒಂದು, ಮೇಲೆ ಎರಡು ಹೊರಕ್ಕೆ ತಳ್ಳುವಂಥವು. ಬೇಸಿಗೆಯ ಒಂದು ಮಧ್ಯಾಹ್ನ ಕೋಣೆಯಲ್ಲಿ 33 ಡಿಗ್ರಿ. ಅರ್ಧ ಗಂಟೆ ಆಡಿದ ಮೇಲೆ ಗ್ರಾಫಿಕ್ಸ್ ಕಾರ್ಡ್ 83 ಡಿಗ್ರಿಗೆ, ಪ್ರೊಸೆಸರ್ 84ಕ್ಕೆ ಬಂದು ನಿಂತಿದ್ದವು. ಫ್ಯಾನುಗಳ ಸದ್ದು ಏರುವುದು, ಇಳಿಯುವುದು, ಮತ್ತೆ ಏರುವುದು ನಡೆದೇ ಇತ್ತು. ‘ಮುಂದ ಮೂರ ಅದಾವು, ಹಿಂದ ಮ್ಯಾಲೆ ಕೂಡಿ ಮೂರ. ಲೆಕ್ಕ ಸರಿ ಐತಲ್ರಿ ಸರ?’ ಎಂದು ಅವನ ಪ್ರಶ್ನೆ.

ಇಂಥಲ್ಲಿ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಿಲ್ಲ. ಪಕ್ಕದ ಗಾಜನ್ನು ಬಿಚ್ಚಿಟ್ಟು ಅದೇ ಆಟವನ್ನು ಅಷ್ಟೇ ಹೊತ್ತು ಆಡುವುದು. ಅಳತೆಗೆ HWiNFO ಸಾಕು. ಆದರೆ ಕೋಣೆಯ ತಾಪಮಾನವನ್ನೂ ಪಕ್ಕದಲ್ಲಿ ಬರೆದಿಡಬೇಕು. ಬೆಳಗಿನ ಅಂಕಿಯನ್ನು ಮಧ್ಯಾಹ್ನದ ಅಂಕಿಯೊಂದಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅಂದು ಗಾಜು ಬಿಚ್ಚಿದಾಗ ಕಾರ್ಡ್ 75ಕ್ಕೆ, ಪ್ರೊಸೆಸರ್ 74ಕ್ಕೆ ಇಳಿದವು. ಎಂಟು–ಹತ್ತು ಡಿಗ್ರಿ ಇಳಿಯಿತೆಂದರೆ ಕೂಲರ್‌ಗಳು ಸರಿಯಾಗಿಯೇ ಇವೆ, ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ ಎಂದರ್ಥ. ಗಾಜು ಬಿಚ್ಚಿದರೂ ಒಂದೆರಡು ಡಿಗ್ರಿ ಮಾತ್ರ ಇಳಿದಿದ್ದರೆ ದೋಷವನ್ನು ಬೇರೆಡೆ ಹುಡುಕಬೇಕಿತ್ತು: ಒಣಗಿದ ಥರ್ಮಲ್ ಪೇಸ್ಟ್, ಸರಿಯಾಗಿ ಕೂರದ ಕೂಲರ್, ದೂಳು ಕಟ್ಟಿದ ರೆಕ್ಕೆಗಳು.

ಗಾಜನ್ನು ಮತ್ತೆ ಹಾಕಿ, ಒಂದು ಊದುಬತ್ತಿ ಹಚ್ಚಿ, ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಕೆಳಗಿರುವ ಸ್ಲಾಟ್ ಪಟ್ಟಿಗಳ ಸಂದಿಗೆ ಹಿಡಿದೆವು. ಬೂದಿ ಒಳಗೆ ಬೀಳದಂತೆ ಒಂದು ಗೇಣು ದೂರದಲ್ಲಿ. ಹೊಗೆಯ ಎಳೆ ನೆಟ್ಟಗೆ ಮೇಲೇರದೆ ಬಾಗಿ ಸಂದಿಯೊಳಕ್ಕೆ ಸೇರಿಹೋಯಿತು. ಮೂರಕ್ಕೆ ಮೂರು ಎಂಬ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಮುಂದಿನ ಮೂರು ಗಾಜು, ಜಾಲರಿಗಳ ಹಿಂದೆ ಒದ್ದಾಡುತ್ತಿದ್ದರೆ ಹೊರತಳ್ಳುವ ಮೂರಕ್ಕೆ ಅಡ್ಡಿಯೇ ಇರಲಿಲ್ಲ. ಒಳಗೆ ಕೊರತೆ ಬಿದ್ದ ಗಾಳಿ ಸಂದುಗೊಂದುಗಳಿಂದ ನುಗ್ಗುತ್ತಿತ್ತು. ನೆಗೆಟಿವ್ ಪ್ರೆಶರ್ ಎನ್ನುವುದು ಇದಕ್ಕೇ. ಬಾಗಿಲು ಕಿಟಕಿ ಮುಚ್ಚಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಾಗಿಲಡಿಯ ಸಂದಿಯಿಂದ ಹೊರಗಿನ ಕಸವೆಲ್ಲ ಒಳಗೆ ಸರಿಯುತ್ತದಲ್ಲ, ಹಾಗೆ.

ಪಾಸಿಟಿವ್ ಪ್ರೆಶರ್ ಇದರ ತಿರುಗುಮುರುಗು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿದ್ದು, ಮಿಕ್ಕಿದ್ದು ಸಂದಿಗಳಿಂದ ಹೊರಕ್ಕೆ ಸೋರುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚು ತಂಪು ಎಂದು ಆಟಗಾರರು ವಾದಿಸುತ್ತಲೇ ಇರುತ್ತಾರೆ. ನನಗೆ ಅದು ಅಷ್ಟೇನೂ ಹುರುಳಿಲ್ಲದ ವಾದ ಅನ್ನಿಸುತ್ತದೆ. ಕ್ಯಾಬಿನೆಟ್ಟಿನ ಒಳಗೂ ಹೊರಗೂ ಇರುವ ಒತ್ತಡದ ಅಂತರ ಕೆಲವೇ ಪ್ಯಾಸ್ಕಲ್‌ಗಳಷ್ಟು. ನಮ್ಮ ಸುತ್ತಲಿನ ವಾತಾವರಣದ ಒತ್ತಡವೇ ಒಂದು ಲಕ್ಷ ಪ್ಯಾಸ್ಕಲ್. ಅಷ್ಟು ಸಣ್ಣ ಅಂತರ ಏನನ್ನೂ ತಂಪು ಮಾಡುವುದಿಲ್ಲ. ಅದು ತೀರ್ಮಾನಿಸುವುದು ಗಾಳಿ ಯಾವ ಬಾಗಿಲಿಂದ ಬರಬೇಕು ಎಂಬುದನ್ನು. ಜಾಲರಿಯ ಮೂಲಕ ಬಂದರೆ ದೂಳು ಜಾಲರಿಯಲ್ಲಿ ಉಳಿಯುತ್ತದೆ, ಸಂದಿಯಿಂದ ಬಂದರೆ ನೇರವಾಗಿ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಹೋಗಿ ಕೂರುತ್ತದೆ. ರಸ್ತೆ ಅಗೆದಿಟ್ಟ ಬಡಾವಣೆಯಲ್ಲಿ ಮನೆಯಿದ್ದವರಿಗೆ ಪಾಸಿಟಿವ್ ಇರಲಿ ಎಂದು ಹೇಳುವುದು ಈ ಕಾರಣಕ್ಕೆ. ತಂಪಿನ ಲಾಭ ಕಾಣುವುದು ಆರು ತಿಂಗಳ ನಂತರ, ದೂಳು ಕಟ್ಟದ ರೆಕ್ಕೆಗಳಲ್ಲಿ.

ಇನ್ನೊಂದು ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಪಾಸಿಟಿವ್ ಮಾಡಿಟ್ಟ ಕ್ಯಾಬಿನೆಟ್ ಯಾವಾಗಲೂ ಪಾಸಿಟಿವ್ ಆಗಿ ಉಳಿಯುವುದಿಲ್ಲ. ಮುಂದಿನ ಜಾಲರಿಗೆ ದೂಳು ಕಟ್ಟುತ್ತ ಹೋದಂತೆ ಒಳಬರುವ ಗಾಳಿ ಕಡಿಮೆಯಾಗುತ್ತದೆ, ಹೊರಹೋಗುವುದು ಹಾಗೆಯೇ ಇರುತ್ತದೆ. ಯಾರೂ ಮುಟ್ಟದೆಯೇ ಒಂದು ದಿನ ಅದು ನೆಗೆಟಿವ್‌ಗೆ ತಿರುಗಿರುತ್ತದೆ. ಜಾಲರಿ ತೊಳೆದ ದಿನ ಊದುಬತ್ತಿ ಹಿಡಿದು ನೋಡಿ, ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದು ನಿಮ್ಮ ಮನೆಯ ದೂಳಿಗೆ ತಕ್ಕಂತೆ ಅಲ್ಲೇ ಗೊತ್ತಾಗುತ್ತದೆ.

ಹುಬ್ಬಳ್ಳಿಯ ಕ್ಯಾಬಿನೆಟ್ಟಿನಲ್ಲಿ ಎರಡೇ ಬದಲಾವಣೆ ಮಾಡಿದೆವು. ಮುಂದಿನ ಗಾಜಿನ ಫಲಕವನ್ನು ಬಿಚ್ಚಿ ಜಾಲರಿಯನ್ನಷ್ಟೇ ಬಿಟ್ಟೆವು. ಚೆಂದ ಸ್ವಲ್ಪ ಕೆಟ್ಟಿತೆಂದು ಹುಡುಗ ಮುಖ ಸಣ್ಣದು ಮಾಡಿಕೊಂಡ. ಎರಡನೆಯದಾಗಿ, ಮೇಲಿನ ಎರಡು ಫ್ಯಾನುಗಳಲ್ಲಿ ಮುಂಬದಿಗಿದ್ದದ್ದನ್ನು ತೆಗೆದೆವು. ಆ ಜಾಗದ ಫ್ಯಾನ್ ಮುಂದಿನಿಂದ ಬಂದ ತಣ್ಣನೆಯ ಗಾಳಿಯನ್ನು ಪ್ರೊಸೆಸರ್ ಕೂಲರ್‌ಗೆ ತಲುಪುವ ಮೊದಲೇ ಮೇಲಕ್ಕೆ ಎಳೆದು ಹೊರಗೆ ಚೆಲ್ಲುತ್ತದೆ. ಹಿಂಬದಿಗಿರುವ ಮೇಲಿನ ಫ್ಯಾನ್ ಹಾಗಲ್ಲ, ಅದು ಕೂಲರ್ ದಾಟಿ ಬಂದ ಬಿಸಿ ಗಾಳಿಯನ್ನು ಎತ್ತುತ್ತದೆ. ಈಗ ಒಳಕ್ಕೆ ಮೂರು, ಹೊರಕ್ಕೆ ಎರಡು. ಊದುಬತ್ತಿಯ ಹೊಗೆ ಸ್ಲಾಟಿನ ಸಂದಿಯಿಂದ ಹಿಂದಕ್ಕೆ ಸರಿಯಿತು. ಪಕ್ಕದ ಗಾಜು ಮುಚ್ಚಿದ್ದರೂ ಕಾರ್ಡ್ 77ರಲ್ಲಿ, ಪ್ರೊಸೆಸರ್ 76ರಲ್ಲಿ ನಿಂತವು. ಗಾಜು ಬಿಚ್ಚಿಟ್ಟಾಗಿನ ಅಂಕಿಗಳ ಹತ್ತಿರ ಹತ್ತಿರ, ಅದೂ ಒಂದು ಫ್ಯಾನ್ ಕಡಿಮೆಯಾಗಿ.

ಸದ್ದಿನ ಏರಿಳಿತ ಮಾತ್ರ ಹೋಗಿರಲಿಲ್ಲ. ಅದು ಫ್ಯಾನ್ ಕರ್ವ್‌ನ ತಕರಾರು. ಕರ್ವ್ ಎಂದರೆ ಇಷ್ಟು ಡಿಗ್ರಿಗೆ ಇಷ್ಟು ವೇಗ ಎಂದು ಹೇಳುವ ಗೆರೆ. ಬಯೋಸ್‌ನಲ್ಲಿ ತಾನಾಗಿ ಬಂದಿರುವ ಗೆರೆ ಸಾಮಾನ್ಯವಾಗಿ ಎಲ್ಲ ಫ್ಯಾನುಗಳನ್ನೂ ಪ್ರೊಸೆಸರ್‌ನ ತಾಪಮಾನಕ್ಕೆ ಕಟ್ಟಿಹಾಕಿರುತ್ತದೆ. ಇಂದಿನ ಪ್ರೊಸೆಸರ್‌ಗಳ ಸ್ವಭಾವವೋ, ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಒಂದು ಕೋರ್ ಪೂರ್ಣ ವೇಗಕ್ಕೆ ಹಾರಿ, ಕ್ಷಣದಲ್ಲಿ ಹದಿನೈದು ಡಿಗ್ರಿ ಏರಿ, ಮರುಕ್ಷಣ ಇಳಿಯುತ್ತದೆ. ಚಿಪ್ ತೀರಾ ಚಿಕ್ಕದು, ಅದಕ್ಕೇ ಹಾಗೆ. ಅಷ್ಟರೊಳಗೆ ಆ ಬಿಸಿ ಕೂಲರ್‌ನ ಲೋಹದ ರೆಕ್ಕೆಗಳಿಗೆ ತಲುಪಿಯೇ ಇರುವುದಿಲ್ಲ. ರೆಕ್ಕೆಯೇ ಬಿಸಿಯಾಗದಿದ್ದಾಗ ಫ್ಯಾನ್ ಜೋರಾಗಿ ತಿರುಗಿ ಏನನ್ನು ತಂಪು ಮಾಡೀತು? ಕಿವಿಗೆ ಕಿರಿಕಿರಿ, ಅಷ್ಟೇ.

ಆದ್ದರಿಂದ ಪ್ರೊಸೆಸರ್ ಫ್ಯಾನಿಗೆ ಸ್ವಲ್ಪ ನಿಧಾನ ಕಲಿಸಬೇಕು. ಹೆಚ್ಚಿನ ಬಯೋಸ್‌ಗಳಲ್ಲಿ Step Up ಅಥವಾ ಅಂಥದೇ ಹೆಸರಿನ ಆಯ್ಕೆಯೊಂದಿರುತ್ತದೆ. ತಾಪಮಾನ ಏರಿದ ಮೇಲೆ ಎಷ್ಟು ಸೆಕೆಂಡು ಕಾದು ವೇಗ ಹೆಚ್ಚಿಸಬೇಕೆಂದು ಅಲ್ಲಿ ಹೇಳಬಹುದು. ಮೂರು–ನಾಲ್ಕು ಸೆಕೆಂಡು ಕೊಟ್ಟರೆ ಈ ಚಿಮ್ಮುಗಳೆಲ್ಲ ಫ್ಯಾನಿಗೆ ಗೊತ್ತಾಗದೆಯೇ ಕಳೆದುಹೋಗುತ್ತವೆ.

ಕ್ಯಾಬಿನೆಟ್ ಫ್ಯಾನುಗಳ ಮಾತು ಬೇರೆ. ಆಟದ ಹೊತ್ತಿನಲ್ಲಿ ಒಳಗಿನ ಶಾಖದ ಮೂರನೇ ಎರಡು ಪಾಲು ಗ್ರಾಫಿಕ್ಸ್ ಕಾರ್ಡಿನದು. ಹಾಗಿರುವಾಗ ಅವು ಕೇಳಬೇಕಾದ್ದು ಕಾರ್ಡಿನ ಮಾತನ್ನು. ಆದರೆ ಬಹುತೇಕ ಬಯೋಸ್‌ಗಳಿಗೆ ಕಾರ್ಡಿನ ತಾಪಮಾನ ಕಾಣುವುದಿಲ್ಲ. ವಿಂಡೋಸ್‌ನಲ್ಲಿ FanControl ಎಂಬ ಉಚಿತ ತಂತ್ರಾಂಶ ಈ ಕೊರತೆ ತುಂಬುತ್ತದೆ. ಹುಡುಗನ ಕಂಪ್ಯೂಟರ್‌ನಲ್ಲಿ ಇಟ್ಟ ಗೆರೆ ಹೀಗಿತ್ತು: ಕಾರ್ಡ್ 50 ಡಿಗ್ರಿಯವರೆಗೆ 40 ಶೇಕಡಾ, 65ಕ್ಕೆ 55, 78ಕ್ಕೆ 70, 85 ಮುಟ್ಟಿದರೆ ಮಾತ್ರ ಪೂರ್ತಿ ವೇಗ. ಜೊತೆಗೆ ತಾಪಮಾನ ಮೂರು ಡಿಗ್ರಿಯಾದರೂ ಬದಲಾದ ಹೊರತು ವೇಗ ಬದಲಿಸಬೇಡ ಎಂಬ ಸೂಚನೆ. ಆ ತಂತ್ರಾಂಶದಲ್ಲಿ ಇದರ ಹೆಸರು Hysteresis.

ಗೆರೆ ಏಕೆ ಇಷ್ಟು ನಿಧಾನವಾಗಿ ಏರಬೇಕು? 70ರಿಂದ 75 ಡಿಗ್ರಿಯೊಳಗೆ 40ರಿಂದ 100ಕ್ಕೆ ಹಾರುವ ಕಡಿದಾದ ಗೆರೆ ಎಳೆದರೆ, ಫ್ಯಾನ್ ಅಬ್ಬರಿಸಿ ಕಾರ್ಡ್ ಎರಡು ಡಿಗ್ರಿ ಇಳಿಯುತ್ತದೆ. ಇಳಿದ ಕೂಡಲೇ ಫ್ಯಾನ್ ಸುಮ್ಮನಾಗುತ್ತದೆ, ಕಾರ್ಡ್ ಮತ್ತೆ ಏರುತ್ತದೆ. ಎರಡೂ ಒಂದನ್ನೊಂದು ಅಟ್ಟಿಸಿಕೊಂಡು ತಿರುಗುವ ಆಟ ಅದು. ವೇಗ ಮತ್ತು ಸದ್ದಿನ ಲೆಕ್ಕವೂ ಇಲ್ಲಿ ನೆರವಿಗೆ ಬರುತ್ತದೆ. 1500 ಸುತ್ತಿನ ಫ್ಯಾನನ್ನು 1000 ಸುತ್ತಿಗೆ ಇಳಿಸಿದರೆ ಗಾಳಿ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ, ಸದ್ದು ಒಂಬತ್ತು ಡೆಸಿಬೆಲ್‌ನಷ್ಟು ಇಳಿಯುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟೇ ಕೇಳಿಸಿದಂತೆ. ಆರಂಭದ ಲೆಕ್ಕ ನೆನಪಿಸಿಕೊಂಡರೆ, ದಾರಿ ಸರಿಯಿರುವ ಕ್ಯಾಬಿನೆಟ್ಟಿನಲ್ಲಿ ಆ ಗಾಳಿಯ ನಷ್ಟ ಎರಡು–ಮೂರು ಡಿಗ್ರಿಗಿಂತ ಹೆಚ್ಚಿಲ್ಲ. ತಂತ್ರಾಂಶದ ಗೋಜೇ ಬೇಡ ಎನ್ನುವವರು ಕ್ಯಾಬಿನೆಟ್ ಫ್ಯಾನುಗಳನ್ನು 55–60 ಶೇಕಡಾ ವೇಗಕ್ಕೆ ಕಟ್ಟಿ ಬಿಟ್ಟುಬಿಡಬಹುದು. ಒಂದೇ ಶ್ರುತಿಯ ಸದ್ದು ಹತ್ತು ನಿಮಿಷದಲ್ಲಿ ಕಿವಿಗೆ ಬೀಳುವುದೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ಯಾಬಿನೆಟ್ ಒಳಗೆಳೆಯುವುದು ಕೋಣೆಯ ಗಾಳಿಯನ್ನೇ. ಕಲಬುರಗಿ, ರಾಯಚೂರುಗಳ ಏಪ್ರಿಲ್‌ನಲ್ಲಿ ಕೋಣೆಯೇ 38 ಡಿಗ್ರಿಯಾದರೆ ಒಳಗಿನ ಎಲ್ಲ ಅಂಕಿಗಳೂ ಹೆಚ್ಚುಕಮ್ಮಿ ಅಷ್ಟೇ ಮೇಲಕ್ಕೆ ಸರಿಯುತ್ತವೆ. ಸೀಲಿಂಗ್ ಫ್ಯಾನ್ ನಮ್ಮ ಬೆವರು ಆರಿಸುತ್ತದೆಯೇ ಹೊರತು ಗಾಳಿಯನ್ನು ತಂಪು ಮಾಡುವುದಿಲ್ಲ. ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಾದರಂತೂ ಆ 300 ವ್ಯಾಟ್ ಅಲ್ಲೇ ಸುತ್ತುತ್ತ ಕೋಣೆಯನ್ನೂ ಕಾಯಿಸುತ್ತದೆ. ಅಂಥ ತಿಂಗಳುಗಳಲ್ಲಿ ಫ್ಯಾನ್ ವೇಗ ಏರಿಸುವುದಕ್ಕಿಂತ ಹುಟ್ಟುವ ಶಾಖವನ್ನೇ ಇಳಿಸುವುದು ಸುಲಭ. MSI Afterburner ತೆರೆದು Power Limit ಅನ್ನು 80ಕ್ಕೆ ಎಳೆದರೆ 200 ವ್ಯಾಟಿನ ಕಾರ್ಡ್ 160ಕ್ಕೆ ನಿಲ್ಲುತ್ತದೆ. ಆಟದ ವೇಗ ತಗ್ಗುವುದು ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಫ್ರೇಮ್‌ನಷ್ಟು. ಹುಬ್ಬಳ್ಳಿಯ ಹುಡುಗ ಮೇ ತಿಂಗಳಿಡೀ ಹಾಗೆಯೇ ಆಡಿದ, ಮಳೆ ಬಿದ್ದ ಮೇಲೆ ಮತ್ತೆ 100ಕ್ಕೆ ಏರಿಸಿಕೊಂಡ. ಮುಂದಿನ ಗಾಜನ್ನು ಮಾತ್ರ ಇನ್ನೂ ಹಾಕಿಲ್ಲ.