ಟಿಡಿಎಸ್ ಬಾಕಿ: ಮೊದಲು ಪ್ಯಾನ್ ನೋಡಿ, ಆಮೇಲೆ ದುಡ್ಡು ಕಟ್ಟಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಲೆಕ್ಕ ಬರೆಯುವವರೇ, ಟ್ರೇಸಸ್‌ನಲ್ಲಿ ಬಾಕಿ ಕಂಡ ಕೂಡಲೇ ಚಲನ್ ಕಟ್ಟಬೇಡಿ. Defaults ಮೆನುವಿನಲ್ಲಿ Justification Report ಕೋರಿ, ಇಳಿಸಿಕೊಳ್ಳಿ. ಯಾವ ಸಾಲಿಗೆ ಎಷ್ಟು ಬಾಕಿ ಅಂತ ಅದರಲ್ಲೇ ಇರುತ್ತೆ.

ಕೊಟ್ಟೂರಿನ ಒಂದು ಎಣ್ಣೆ ಮಿಲ್ಲು ಅಂದುಕೊಳ್ಳಿ. 2024ರ ಜೂನ್ 25ರಂದು ಶೆಡ್ ಕಟ್ಟಿದ ಮೇಸ್ತ್ರಿಗೆ 1 ಲಕ್ಷ ಕೊಟ್ಟು, ಶೇ. 1ರಂತೆ 1,000 ರೂಪಾಯಿ ಹಿಡಿದಿದೆ. ವರದಿ 19,000 ಕಡಿಮೆ ಕಡಿತ ಅನ್ನುತ್ತೆ. ಗಾಬರಿ ಬೇಡ. ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿದೆ. ಪ್ಯಾನ್ ಅಮಾನ್ಯವಾದರೆ ದರ ಶೇ. 20 ಆಗುತ್ತೆ, ಅದಕ್ಕೇ ಅಷ್ಟು ಮೊತ್ತ.

ಮೇಸ್ತ್ರಿಯ ಪ್ಯಾನ್ ಕಾರ್ಡನ್ನೇ ತರಿಸಿ ನೋಡಿ. ನಾಲ್ಕನೇ ಅಕ್ಷರ P ಇದ್ದರೆ ಅವರು ವ್ಯಕ್ತಿ, ಶೇ. 1 ಸರಿ. ತಿದ್ದುಪಡಿ ಸಲ್ಲಿಸಿ ಅದು ಅಂಗೀಕಾರವಾದರೆ 19,000 ಹೋಗುತ್ತೆ. F ಇದ್ದರೆ ಪಾಲುದಾರಿಕೆ ಸಂಸ್ಥೆ, ದರ ಶೇ. 2. ಆಗ ಇನ್ನೂ 1,000 ಮತ್ತು ಅದರ ಬಡ್ಡಿ ನಿಜವಾದ ಬಾಕಿ.

ತಡ ಪಾವತಿಯ ಬಡ್ಡಿ ಮಾತ್ರ ಪ್ಯಾನ್ ತಿದ್ದಿದರೆ ಹೋಗಲ್ಲ. ಜುಲೈ 7ಕ್ಕೆ ಕಟ್ಟಬೇಕಿದ್ದದ್ದನ್ನು 9ಕ್ಕೆ ಕಟ್ಟಿದ್ದಾರೆ. ಎರಡೇ ದಿನದ ತಡ, ಆದರೆ ಬಡ್ಡಿ ಹಿಡಿದ ದಿನದಿಂದ ಓಡುತ್ತೆ. ಜೂನ್ ಒಂದು, ಜುಲೈ ಒಂದು, ಎರಡು ತಿಂಗಳು. ತಿಂಗಳಿಗೆ ಶೇ. 1.5ರಂತೆ 30 ರೂಪಾಯಿ.

ಅದನ್ನು ಚಲನ್‌ನಲ್ಲಿ ಕಟ್ಟಿ, ತಿದ್ದುಪಡಿಯಲ್ಲಿ ಆ ಚಲನ್ ಸೇರಿಸಿ, ಬಡ್ಡಿಗೆ ಜೋಡಿಸಿ. ಜೋಡಿಸದ ಚಲನ್ ಹಾಗೇ ಉಳಿಯುತ್ತೆ, ಬಾಕಿಯೂ ಉಳಿಯುತ್ತೆ.